ಏಳು ನಿಮಿಷದ ಭಾಷಣಕ್ಕೆ ಮೂರು ನಿಮಿಷದ ಉತ್ತರ

ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನಲ್ಲಿ ಭಾಷಣ ಮಾಡಿದವರು ಚಪ್ಪಾಳೆ ತಟ್ಟಿಸಿಕೊಂಡು ಕುರ್ಚಿಗೆ ಮರಳಿದ ಮಾತ್ರಕ್ಕೆ ಅವರ ಪಾಲಿನ ಸಭೆ ಮುಗಿಯುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಅದೇ ಕ್ಲಬ್ಬಿನ ಇನ್ನೊಬ್ಬ ಸದಸ್ಯರು ಎದ್ದು ಬರುತ್ತಾರೆ. ಆ ಭಾಷಣ ತಮಗೆ ಹೇಗೆ ತಲುಪಿತು, ಎಲ್ಲಿ ಗೆದ್ದಿತು, ಮುಂದಿನ ಸಲ ಏನು ಮಾಡಿ ನೋಡಬಹುದು ಎಂಬುದನ್ನು ಎಲ್ಲರ ಮುಂದೆ ಬಾಯಿಮಾತಿನಲ್ಲೇ ಹೇಳುತ್ತಾರೆ. ಇದಕ್ಕೆ ಇರುವ ಅವಧಿ ಎರಡರಿಂದ ಮೂರು ನಿಮಿಷ. ಎರಡು ನಿಮಿಷಕ್ಕೆ ಹಸಿರು, ಎರಡೂವರೆಗೆ ಹಳದಿ, ಮೂರಕ್ಕೆ ಕೆಂಪು ಬಣ್ಣ ತೋರಿಸಲು ಒಬ್ಬರು ಗಡಿಯಾರ ಹಿಡಿದು ಕೂತಿರುತ್ತಾರೆ. ಈ ಕೆಲಸ ಮಾಡುವವರನ್ನು ಕ್ಲಬ್ಬುಗಳಲ್ಲಿ ಇವ್ಯಾಲ್ಯುಯೇಟರ್ ಎನ್ನುತ್ತಾರೆ. ಇಲ್ಲಿ ನಾನು ಮೌಲ್ಯಮಾಪಕರು ಎಂದು ಬರೆಯುತ್ತೇನೆ.

ಈ ಪದ್ಧತಿಗೆ ಒಂದು ಕಾರಣವಿದೆ. ಟೋಸ್ಟ್‌ಮಾಸ್ಟರ್ಸ್‌ನ ಮೊದಲ ಕ್ಲಬ್ ಸೇರಿದ್ದು 1924ರ ಅಕ್ಟೋಬರ್ 22ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಆನಾ ಊರಿನ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ. ಅದನ್ನು ಕಟ್ಟಿದವರು ಅಲ್ಲಿ ಕೆಲಸ ಮಾಡುತ್ತಿದ್ದ ರಾಲ್ಫ್ ಸ್ಮೆಡ್ಲಿ. ಸಂಬಳ ಪಡೆಯುವ ಮೇಷ್ಟ್ರು ಅಲ್ಲಿ ಇರಲಿಲ್ಲ, ಇಂದಿಗೂ ಕ್ಲಬ್ಬುಗಳಲ್ಲಿ ಇಲ್ಲ. ಸದಸ್ಯರೇ ಸರದಿಯಂತೆ ಮಾತಾಡುತ್ತಾರೆ, ಸದಸ್ಯರೇ ಸರದಿಯಂತೆ ತಿದ್ದುತ್ತಾರೆ. ಹಾಗಾಗಿ ಕಲಿಕೆಯ ದೊಡ್ಡ ಪಾಲು ನಡೆಯುವುದು ಆ ಮೂರು ನಿಮಿಷಗಳಲ್ಲೇ. ಅವು ಹಾಳಾದರೆ ಭಾಷಣಕಾರರಿಗೆ ಒಂದು ಚಪ್ಪಾಳೆ ಬಿಟ್ಟು ಮನೆಗೆ ಒಯ್ಯಲು ಏನೂ ಉಳಿಯುವುದಿಲ್ಲ.

ಹಾಳಾಗುವುದೂ ಸುಲಭ. ಮೌಲ್ಯಮಾಪಕರು ಬಹಳ ಮಟ್ಟಿಗೆ ನಮ್ಮ ನಿಮ್ಮಂತೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿಯುವವರು. ಭಾಷಣ ಕಲೆಯಲ್ಲಿ ಅವರೇನೂ ಪಂಡಿತರಲ್ಲ. ಅವರಿಗೆ ಅಳತೆಗೋಲು ಕೊಡದೆ "ಭಾಷಣ ಹೇಗಿತ್ತು ಹೇಳಿ" ಎಂದರೆ ತಮಗೆ ತಿಳಿದದ್ದನ್ನೆಲ್ಲ ಹುಡುಕುತ್ತಾರೆ. ಕೈ ಸರಿಯಿರಲಿಲ್ಲ, ಕಣ್ಣು ಒಂದೇ ಕಡೆ ಇತ್ತು, ವಿಷಯ ಹಳೆಯದು, ಮುಕ್ತಾಯ ಸಪ್ಪೆ ಎಂದು ಹತ್ತು ಮಾತು ಹೊರಬರುತ್ತವೆ. ಹತ್ತೂ ನಿಜವಿರಬಹುದು. ಆದರೆ ಭಾಷಣಕಾರರು ಆ ದಿನ ಅಭ್ಯಾಸ ಮಾಡಿಕೊಂಡು ಬಂದದ್ದು ಹನ್ನೊಂದನೆಯದನ್ನು ಇರಬಹುದು. ಅದರ ಬಗ್ಗೆ ಒಂದು ಮಾತೂ ಸಿಗದೆ ಅವರು ಮನೆಗೆ ಹೋಗುತ್ತಾರೆ.

ಅದಕ್ಕೇ ಟೋಸ್ಟ್‌ಮಾಸ್ಟರ್ಸ್‌ನಲ್ಲಿ ಪ್ರತಿ ಭಾಷಣಕ್ಕೂ ಮೊದಲೇ ಗೊತ್ತುಮಾಡಿದ ಗುರಿ ಇರುತ್ತದೆ. ಮೊದಲು ಚಾಲ್ತಿಯಲ್ಲಿದ್ದ ಕೈಪಿಡಿಯಲ್ಲಿ ಹತ್ತು ಭಾಷಣಗಳಿದ್ದವು. ಮೊದಲನೆಯದು ಸ್ವಪರಿಚಯದ 'ಐಸ್ ಬ್ರೇಕರ್', ಐದನೆಯದು ಮೈಯ ಚಲನೆಗೆ, ಆರನೆಯದು ದನಿಯ ಏರಿಳಿತಕ್ಕೆ, ಹೀಗೆ ಒಂದೊಂದಕ್ಕೆ ಒಂದೊಂದು ಉದ್ದೇಶ. ಈಗಿರುವ 'ಪಾಥ್‌ವೇಸ್' ಪಠ್ಯಕ್ರಮದಲ್ಲೂ ಪ್ರತಿ ಪ್ರಾಜೆಕ್ಟಿಗೆ ತನ್ನದೇ ಉದ್ದೇಶವಿದೆ, ಅದಕ್ಕೆ ಹೊಂದುವ ಮೌಲ್ಯಮಾಪನದ ಫಾರ್ಮ್ ಇದೆ. ಇದು ಪುಸ್ತಕ ಕೊಡುವ ಗುರಿ. ಇದರ ಮೇಲೆ ಭಾಷಣಕಾರರು ತಾವೇ ಆರಿಸಿಕೊಂಡ ಒಂದೆರಡು ಗುರಿಗಳನ್ನು ಸೇರಿಸಬಹುದು. ನನ್ನ ಮಟ್ಟಿಗೆ ನಿಜವಾದ ಕಲಿಕೆ ಹೊರಡುವುದು ಈ ಎರಡನೆಯ ಬಗೆಯ ಗುರಿಯಿಂದ. ಪುಸ್ತಕದ ಗುರಿ ಎಲ್ಲರಿಗೂ ಒಂದೇ, ಸ್ವಂತ ಗುರಿ ಆ ವ್ಯಕ್ತಿಯ ಹಿಂದಿನ ಎಡವಟ್ಟಿನಿಂದ ಹುಟ್ಟಿ ಬಂದದ್ದು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಇದು ವಿವರಣೆಗೆಂದು ನಾನೇ ಕಟ್ಟಿಕೊಂಡದ್ದು, ಆದರೆ ಇದರಲ್ಲಿ ನಡೆಯುವುದೆಲ್ಲ ಕ್ಲಬ್ಬುಗಳಲ್ಲಿ ದಿನವೂ ನಡೆಯುವಂಥದ್ದು. ಒಬ್ಬರು ಬ್ಯಾಂಕ್ ಉದ್ಯೋಗಿ, ಮೂರನೆಯ ಭಾಷಣಕ್ಕೆ ಸಿದ್ಧವಾಗುತ್ತಿದ್ದಾರೆ. ಪ್ರಾಜೆಕ್ಟು ದನಿ ಮತ್ತು ಮೈಯ ಚಲನೆಯದು, ಅವಧಿ ಐದರಿಂದ ಏಳು ನಿಮಿಷ. ವಿಷಯ, ಅಪ್ಪನ ಟೇಲರ್ ಅಂಗಡಿ. ಸಭೆಗೆ ಎರಡು ದಿನ ಮೊದಲು ಮೌಲ್ಯಮಾಪಕರು ಅವರಿಗೆ ಫೋನ್ ಮಾಡುತ್ತಾರೆ.

"ಮೇಡಂ, ಶನಿವಾರ ನಿಮ್ಮ ಭಾಷಣಕ್ಕೆ ನಾನು. ಏನನ್ನು ವಿಶೇಷವಾಗಿ ಗಮನಿಸಲಿ?"

"ಎಲ್ಲಾ ನೋಡಿ ಸಾರ್. ಏನು ತಪ್ಪಿದ್ದರೂ ಹೇಳಿಬಿಡಿ."

ಮುಕ್ಕಾಲು ಪಾಲು ಜನ ಕೊಡುವ ಮೊದಲ ಉತ್ತರ ಇದೇ. ವಿನಯದಿಂದ ಬಂದ ಮಾತು, ಆದರೆ ಮೌಲ್ಯಮಾಪಕರಿಗೆ ಇದರಿಂದ ಉಪಯೋಗವಿಲ್ಲ. ಅನುಭವಿಗಳು ಇಲ್ಲಿಗೆ ಬಿಡುವುದಿಲ್ಲ, ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ.

"ಹೋದ ಭಾಷಣ ಮುಗಿಸಿ ಕೂತಾಗ ನಿಮಗೇ ಏನು ಸರಿಯಾಗಲಿಲ್ಲ ಅನ್ನಿಸಿತ್ತು?"

"ಓಡಿಬಿಟ್ಟೆ ಸಾರ್. ಎಲ್ಲೂ ನಿಲ್ಲಲೇ ಇಲ್ಲ. ಮತ್ತೆ ಪೋಡಿಯಂ ಬಿಟ್ಟರೆ ಬಿದ್ದುಹೋಗ್ತೀನೇನೋ ಅನ್ನೋ ಹಾಗೆ ಹಿಡ್ಕೊಂಡಿದ್ದೆ."

ಈಗ ಎರಡು ಗುರಿ ಸಿಕ್ಕವು. ಆದರೂ ಕೆಲಸ ಪೂರ್ತಿಯಾಗಿಲ್ಲ. "ನಿಲ್ಲಬೇಕು" ಎಂಬುದನ್ನು ಸಭೆಯಲ್ಲಿ ಕೂತವರು ನೋಡಿ ಹೇಳಲಾಗುವಂತೆ ಮಾಡಬೇಕು. ಮೌಲ್ಯಮಾಪಕರು ಮತ್ತೆ ಕೇಳುತ್ತಾರೆ, ಎಲ್ಲೆಲ್ಲಿ ನಿಲ್ಲಬೇಕು ಅಂತಿದ್ದೀರಿ? ಆಕೆ ಬರೆದಿಟ್ಟುಕೊಂಡದ್ದನ್ನು ನೋಡಿ ಮೂರು ವಾಕ್ಯ ತೋರಿಸುತ್ತಾರೆ: ಶುರುವಿನ ವಾಕ್ಯ, ನಡುವೆ ಬರುವ ಅಪ್ಪನ ಒಂದು ತಮಾಷೆ ಮಾತು, ಕೊನೆಯಲ್ಲಿ ಅಂಗಡಿ ಮುಚ್ಚಿದ ವರ್ಷದ ಒಂದು ವಾಕ್ಯ. ಪ್ರತಿ ವಾಕ್ಯದ ನಂತರ ಮನಸ್ಸಿನಲ್ಲೇ ಎರಡು ಎಣಿಸುವಷ್ಟು ಮೌನ. ಕೈಯ ವಿಚಾರದಲ್ಲಿ, ಪೋಡಿಯಂ ಬಿಟ್ಟು ಮುಂದೆ ಬಂದು ಮಾತಾಡುವುದು. ಇಷ್ಟು ಐದು ನಿಮಿಷದ ಫೋನ್ ಮಾತು. ಹೊರಡುವ ಮುನ್ನ ಮೌಲ್ಯಮಾಪಕರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಎಲ್ಲರ ಮುಂದೆ ಹೇಳುವುದು ಬೇಡ ಎನ್ನುವಂಥದ್ದು ಏನಾದರೂ ಇದೆಯೇ? ಈ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬಾರದು. ಅಪ್ಪ ತೀರಿಕೊಂಡು ಹೆಚ್ಚು ದಿನವಾಗಿಲ್ಲ ಎಂಬಂಥ ಸಂಗತಿ ಹೊರಬರುವುದು ಇಂಥ ಪ್ರಶ್ನೆಗೆ.

ಇನ್ನು ಭಾಷಣ ನಡೆಯುವಾಗ. ಹೊಸ ಮೌಲ್ಯಮಾಪಕರು ಈ ಹೊತ್ತಿನಲ್ಲಿ "ಚೆನ್ನಾಗಿದೆ", "ವೇಗ ಜಾಸ್ತಿ", "ಕಣ್ಣು" ಎಂದು ತೀರ್ಪುಗಳನ್ನು ಗೀಚಿಕೊಳ್ಳುತ್ತಾರೆ. ಅರ್ಧ ಗಂಟೆಯ ಮೇಲೆ ಆ ಹಾಳೆಯನ್ನು ಹಿಡಿದು ನಿಂತಾಗ, ಏನು ಚೆನ್ನಾಗಿತ್ತು, ವೇಗ ಎಲ್ಲಿ ಜಾಸ್ತಿಯಾಯಿತು ಎಂಬುದು ನೆನಪಿಗೆ ಬರುವುದಿಲ್ಲ. ಆಗ ಬಾಯಿಗೆ ಬರುವುದು ಯಾರ ಭಾಷಣಕ್ಕೂ ಒಪ್ಪುವ ಮಾತು. ಇದಕ್ಕೆ ಒಂದು ಸರಳ ಉಪಾಯ, ಹಾಳೆಯ ನಡುವೆ ಗೆರೆ ಎಳೆಯುವುದು. ಎಡಕ್ಕೆ ಕಂಡದ್ದು ಕೇಳಿದ್ದು ಮಾತ್ರ, ಆದಷ್ಟೂ ಭಾಷಣಕಾರರ ಮಾತುಗಳಲ್ಲೇ. ಬಲಕ್ಕೆ ಆ ಕ್ಷಣ ನನಗೆ ಮತ್ತು ಸಭೆಗೆ ಏನಾಯಿತು ಎಂಬುದು. ತೀರ್ಪಿಗೆ ಎರಡೂ ಕಡೆ ಜಾಗವಿಲ್ಲ.

ನಮ್ಮ ಬ್ಯಾಂಕ್ ಉದ್ಯೋಗಿಯ ಭಾಷಣಕ್ಕೆ ಆ ಹಾಳೆಯಲ್ಲಿ ಹೀಗೆ ಬಂತೆನ್ನೋಣ. ಎಡಕ್ಕೆ, "ನಮ್ಮ ಮನೆಯಲ್ಲಿ ದೀಪಾವಳಿ ಬರುತ್ತಿದ್ದದ್ದು ಊರಿನ ದೀಪಾವಳಿ ಮುಗಿದ ಮಾರನೆಯ ದಿನ" ಎಂಬ ಮೊದಲ ವಾಕ್ಯ, ಅದರ ನಂತರ ಮೌನ. ಬಲಕ್ಕೆ, ಯಾಕೆ ಎಂದು ತಿಳಿಯಬೇಕೆನಿಸಿತು, ಮುಂದಿನ ಸಾಲಿನವರು ತಲೆ ಎತ್ತಿದರು. ಎಡಕ್ಕೆ, ಎರಡು ನಿಮಿಷದವರೆಗೂ ಬಲಗೈ ಪೋಡಿಯಂ ಮೇಲೆ. ಆಮೇಲೆ ಹಬ್ಬದ ಹಿಂದಿನ ರಾತ್ರಿ ಅಮ್ಮ ಬುಗ್ಗೆದೀಪದ ಕೆಳಗೆ ಕೂತು ಸೂಜಿಗೆ ದಾರ ಪೋಣಿಸಿ ಕಾಜಾ ಹಾಕುತ್ತಿದ್ದ ದೃಶ್ಯ. ಎರಡೂ ಕೈ ಮೇಲೆದ್ದವು, ಆಕೆ ಒಂದು ಹೆಜ್ಜೆ ಮುಂದೆ ಬಂದರು. ಬಲಕ್ಕೆ, ಸೂಜಿ ಕಂಡಿತು. ಎಡಕ್ಕೆ, ಶರ್ಟು ಬಿಗಿಯಾಯಿತೆಂದು ಜಗಳಕ್ಕೆ ಬಂದ ಗಿರಾಕಿಗೆ ಅಪ್ಪ ಹೇಳಿದ ಮಾತು, "ನನ್ನ ಟೇಪು ಹೋದ ವರ್ಷದ್ದೇ ಸ್ವಾಮಿ." ಬಲಕ್ಕೆ, ಎಲ್ಲರೂ ನಕ್ಕರು, ನಗುವಿನಲ್ಲಿ ಮುಂದಿನ ವಾಕ್ಯ ಕೇಳಿಸಲಿಲ್ಲ. ಎಡಕ್ಕೆ, "ಆ ವರ್ಷ ಹಬ್ಬದ ಹಿಂದಿನ ರಾತ್ರಿ ಅಪ್ಪ ಒಂಬತ್ತು ಗಂಟೆಗೇ ಮಲಗಿದರು," ತಕ್ಷಣವೇ "ಯಾಕೆಂದರೆ ಊರಿಗೆ ರೆಡಿಮೇಡ್ ಅಂಗಡಿ ಬಂದಿತ್ತು." ಬಲಕ್ಕೆ, ಗಂಟಲು ಕಟ್ಟುವಷ್ಟರಲ್ಲಿ ಮುಂದೆ ಹೋದರು.

ಭಾಷಣ ಮುಗಿದಾಗ ಇಂಥ ಹತ್ತು ಹನ್ನೆರಡು ಟಿಪ್ಪಣಿಗಳಿರುತ್ತವೆ. ಮೂರು ನಿಮಿಷಕ್ಕೆ ಅವು ಜಾಸ್ತಿ. ಆರಿಸುವಾಗ ಕೇಳಿಕೊಳ್ಳಬೇಕಾದದ್ದು ಒಂದೇ, ಫೋನಿನಲ್ಲಿ ಗೊತ್ತಾದ ಎರಡು ಗುರಿಗಳಿಗೆ ಯಾವುದು ಸೇರುತ್ತದೆ? ಸೇರದವನ್ನು ಹೊಡೆದುಹಾಕಬೇಕು. ಈ ಭಾಷಣದಲ್ಲಿ ನಡುವಿನ ಭಾಗ ಸ್ವಲ್ಪ ಉದ್ದವಾಗಿತ್ತು ಎಂಬ ಟಿಪ್ಪಣಿಯೂ ಇತ್ತೆನ್ನಿ. ಅದು ಸರಿಯಾದ ಟಿಪ್ಪಣಿಯೇ, ಆದರೂ ಇವತ್ತಿಗೆ ಬೇಡ. ಬರಹದ ಫಾರ್ಮಿನಲ್ಲಿ ಒಂದು ಸಾಲು ಬರೆದು ಕೊಟ್ಟರೆ ಸಾಕು. ಮೌಲ್ಯಮಾಪಕರಿಗೆ ಅತ್ಯಂತ ಕಷ್ಟವಾಗುವುದು ಇದೇ, ತಾನು ಕಂಡದ್ದನ್ನು ಹೇಳದೆ ಬಿಡುವುದು.

ಈಗ ಆ ಮೂರು ನಿಮಿಷ. ಅದು ಸುಮಾರಾಗಿ ಹೀಗಿರಬಹುದು:

"ಮೇಡಂ, ನೀವು ಈ ಭಾಷಣಕ್ಕೆ ಎರಡು ಗುರಿ ಇಟ್ಟುಕೊಂಡಿದ್ದಿರಿ. ಮುಖ್ಯವಾದ ಮೂರು ವಾಕ್ಯಗಳ ನಂತರ ನಿಲ್ಲಬೇಕು, ಪೋಡಿಯಂ ಬಿಟ್ಟು ಮಾತಾಡಬೇಕು. ನಾನು ಅವೆರಡನ್ನೇ ನೋಡುತ್ತಾ ಕೂತಿದ್ದೆ.

"ಮೊದಲ ವಾಕ್ಯ ಹೇಳಿದಿರಿ, ದೀಪಾವಳಿ ನಮ್ಮ ಮನೆಗೆ ಬರುತ್ತಿದ್ದದ್ದು ಮಾರನೆಯ ದಿನ ಅಂತ. ಹೇಳಿ ನಿಂತಿರಿ. ಆ ಎರಡು ಸೆಕೆಂಡಿನಲ್ಲಿ ನನ್ನ ಮನಸ್ಸಿನಲ್ಲಿ 'ಯಾಕೆ?' ಅನ್ನುವ ಪ್ರಶ್ನೆ ಬಂತು. ಅದು ಬಂದ ಮೇಲೆ ನೀವು ಉತ್ತರ ಶುರು ಮಾಡಿದಿರಿ. ನಿಲ್ಲದೇ ಹೋಗಿದ್ದರೆ ನಾನು ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದಿರುತ್ತಿತ್ತು. ಹೋದ ಭಾಷಣದಲ್ಲಿ ಎಲ್ಲೂ ನಿಲ್ಲಲಿಲ್ಲ ಅಂತ ನೀವೇ ಹೇಳಿದ್ದಿರಿ. ಇವತ್ತು ಮೊದಲ ವಾಕ್ಯದಲ್ಲೇ ಅದನ್ನು ಸಾಧಿಸಿದ್ದೀರಿ.

"ಎರಡನೆಯ ಜಾಗ, ಅಪ್ಪನ ಟೇಪಿನ ಮಾತು. ಎಲ್ಲರೂ ನಕ್ಕೆವು. ನೀವು ನಗುವಿನ ಮೇಲೆಯೇ ಮಾತು ಮುಂದುವರಿಸಿದಿರಿ, ಹಿಂದೆ ಕೂತಿದ್ದ ನನಗೆ ಮುಂದಿನ ವಾಕ್ಯ ಕೇಳಲಿಲ್ಲ. ಮೂರನೆಯದು, ಅಪ್ಪ ಒಂಬತ್ತು ಗಂಟೆಗೇ ಮಲಗಿದರು ಅನ್ನುವ ವಾಕ್ಯ. ಇಡೀ ಭಾಷಣದಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಅದು. ಹಬ್ಬದ ಹಿಂದಿನ ರಾತ್ರಿ ಟೇಲರ್ ಬೇಗ ಮಲಗಿದ ಅಂದರೆ ಏನರ್ಥ ಅನ್ನುವುದು ನಮಗೇ ಹೊಳೆಯುತ್ತಿತ್ತು. ಹೊಳೆಯುವಷ್ಟರಲ್ಲಿ ನೀವು 'ಯಾಕೆಂದರೆ' ಅಂದಿರಿ. ಮುಂದಿನ ಸಲ ಹೀಗೆ ಮಾಡಿ ನೋಡಿ: ಅಂಥ ವಾಕ್ಯ ಮುಗಿದ ಕೂಡಲೇ ತುಟಿ ಮುಚ್ಚಿ, ಯಾರಾದರೂ ಒಬ್ಬರ ಮುಖ ನೋಡಿ, ಮನಸ್ಸಿನಲ್ಲಿ ಎರಡು ಎಣಿಸಿ. ನಕ್ಕರೆ, ನಗು ಇಳಿಯುವ ತನಕ ಕಾಯಿರಿ.

"ಇನ್ನು ಕೈ. ಮೊದಲ ಎರಡು ನಿಮಿಷ ಬಲಗೈ ಪೋಡಿಯಂ ಮೇಲಿತ್ತು. ಅಮ್ಮ ಸೂಜಿಗೆ ದಾರ ಪೋಣಿಸುವ ದೃಶ್ಯ ಬಂದಾಗ ಎರಡೂ ಕೈ ತಾವಾಗಿ ಎದ್ದವು, ನೀವೂ ಒಂದು ಹೆಜ್ಜೆ ಮುಂದೆ ಬಂದಿರಿ, ಆಮೇಲೆ ಮತ್ತೆ ಪೋಡಿಯಂಗೆ ಹೋಗಲೇ ಇಲ್ಲ. ಕೈಗೆ ಒಂದು ಕೆಲಸ ಸಿಕ್ಕರೆ ನಿಮಗೆ ಪೋಡಿಯಂ ಬೇಡ ಅಂತ ನನಗೆ ಅನ್ನಿಸಿತು. ಮುಂದಿನ ಭಾಷಣದಲ್ಲಿ ಅಂಥ ಒಂದು ದೃಶ್ಯವನ್ನು ಮೊದಲ ನಿಮಿಷದಲ್ಲೇ ಇಟ್ಟುಕೊಳ್ಳಿ. ನನಗೆ ಆ ಸೂಜಿ ಕಂಡಿತು ಮೇಡಂ. ಮುಂದಿನ ಭಾಷಣ ಕೇಳುವುದಕ್ಕೆ ಕಾಯುತ್ತಿರುತ್ತೇನೆ."

ಇದನ್ನು ನಿಧಾನವಾಗಿ ಓದಿದರೆ ಸುಮಾರು ಎರಡೂವರೆ ನಿಮಿಷವಾಗುತ್ತದೆ. ಇದರಲ್ಲಿ "ಅದ್ಭುತ" ಎಂಬ ಮಾತಿಲ್ಲ, "ಆತ್ಮವಿಶ್ವಾಸ ಬೆಳೆಸಿಕೊಳ್ಳಿ" ಎಂಬ ಬುದ್ಧಿಮಾತೂ ಇಲ್ಲ. ಆದರೂ ಕೇಳಿದ ಆಕೆಗೆ ಹುರುಪು ಬರುತ್ತದೆ. ತಾನು ಪಟ್ಟ ಕಷ್ಟವನ್ನು ಒಬ್ಬರು ಕಣ್ಣಿಟ್ಟು ನೋಡಿದ್ದಾರೆ, ತನ್ನದೇ ವಾಕ್ಯವನ್ನು ನೆನಪಿಟ್ಟು ಹೇಳುತ್ತಿದ್ದಾರೆ ಎಂಬುದೇ ದೊಡ್ಡ ಪ್ರೋತ್ಸಾಹ. ಹೊಗಳಿಕೆ ಪುಷ್ಟಿ ಪಡೆಯುವುದು ವಿಶೇಷಣಗಳಿಂದ ಅಲ್ಲ, ವಿವರದಿಂದ. "ನಿಮ್ಮ ಶುರು ತುಂಬಾ ಚೆನ್ನಾಗಿತ್ತು" ಎಂದರೆ ಏನನ್ನು ಮತ್ತೆ ಮಾಡಬೇಕೆಂದು ಆಕೆಗೆ ತಿಳಿಯುವುದಿಲ್ಲ. "ನಿಂತ ಎರಡು ಸೆಕೆಂಡಿನಲ್ಲಿ ನನಗೆ ಪ್ರಶ್ನೆ ಹುಟ್ಟಿತು" ಎಂದರೆ ತಿಳಿಯುತ್ತದೆ.

ತಪ್ಪಿದ್ದನ್ನು ಹೇಳಿದ ಬಗೆಯನ್ನೂ ಗಮನಿಸಿ. ಮೂರರಲ್ಲಿ ಎರಡು ಕಡೆ ಗುರಿ ತಪ್ಪಿದೆ, ಅದನ್ನು ಮುಚ್ಚಿಲ್ಲ. ಆದರೆ "ನೀವು ತುಂಬಾ ವೇಗ" ಎಂದು ಆಕೆಯ ಸ್ವಭಾವದ ಮೇಲೆ ಹೇಳಿಲ್ಲ. ಯಾವ ವಾಕ್ಯದ ನಂತರ ಏನಾಯಿತು, ಅದರಿಂದ ಕೇಳುಗನಿಗೆ ಏನು ತಪ್ಪಿಹೋಯಿತು ಎಂದಷ್ಟೇ ಹೇಳಿದೆ. "ನನಗೆ ಕೇಳಲಿಲ್ಲ" ಎಂಬುದನ್ನು ಯಾರೂ ಅಲ್ಲಗಳೆಯಲಾರರು. "ನೀವು ಅವಸರದವರು" ಎಂದರೆ ಮನಸ್ಸು ಕೂಡಲೇ ವಾದಕ್ಕೆ ಇಳಿಯುತ್ತದೆ. ಜೊತೆಗೆ, ಸಲಹೆ ಮಾಡಿ ನೋಡಬಹುದಾದಷ್ಟು ಸಣ್ಣದು: ತುಟಿ ಮುಚ್ಚಿ, ಒಬ್ಬರನ್ನು ನೋಡಿ, ಎರಡು ಎಣಿಸಿ. ಮನೆಯಲ್ಲಿ ಕನ್ನಡಿಯ ಮುಂದೆ ಇವತ್ತೇ ಅಭ್ಯಾಸ ಮಾಡಬಹುದು. ಕೈಯ ಬಗೆಗಿನ ಸಲಹೆಯಂತೂ ಆಕೆಯ ಭಾಷಣದೊಳಗಿನಿಂದಲೇ ಹೊರಟಿದೆ. ಆಕೆ ಆಗಲೇ ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಇನ್ನೂ ಮೊದಲು ಮಾಡಿ ಎಂದಷ್ಟೇ ಅದರ ಅರ್ಥ. ಯಾವ ಪುಸ್ತಕದಲ್ಲೂ ಆ ಸಲಹೆ ಸಿಗುವುದಿಲ್ಲ, ಏಕೆಂದರೆ ಅದು ಬೇರೆ ಯಾರಿಗೂ ಹೊಂದುವುದಿಲ್ಲ.

ಕ್ಲಬ್ಬುಗಳಲ್ಲಿ ಹೊಸಬರಿಗೆ ಒಂದು ಸಿದ್ಧ ಸೂತ್ರ ಹೇಳಿಕೊಡುತ್ತಾರೆ: ಮೊದಲು ಮೆಚ್ಚುಗೆ, ನಡುವೆ ತಿದ್ದುಪಡಿ, ಕೊನೆಗೆ ಮತ್ತೆ ಮೆಚ್ಚುಗೆ. ಸ್ಯಾಂಡ್‌ವಿಚ್ ಎಂದು ಅದರ ಹೆಸರು. ಮೊದಲ ಕೆಲವು ಸಲಕ್ಕೆ ಅದು ಒಳ್ಳೆಯ ಆಧಾರ, ಕೈಕಾಲು ನಡುಗುವವರಿಗೆ ಹಿಡಿಯಲು ಒಂದು ಕಂಬ. ಆದರೆ ನನಗೆ ಅದರ ಮೇಲೆ ಹೆಚ್ಚು ನಂಬಿಕೆಯಿಲ್ಲ. ಸೂತ್ರ ಎಲ್ಲರಿಗೂ ಗೊತ್ತಾದ ಮೇಲೆ ಕೇಳುವವರು ಮೊದಲ ಮೆಚ್ಚುಗೆಯನ್ನು ಕಿವಿಗೆ ಹಾಕಿಕೊಳ್ಳದೆ "ಆದರೆ" ಎಂಬ ಮಾತಿಗೆ ಕಾಯುತ್ತಾ ಕೂರುತ್ತಾರೆ. ಮೇಲಿನ ಮಾತುಗಳಲ್ಲಿ ಮೆಚ್ಚುಗೆಯೂ ತಿದ್ದುಪಡಿಯೂ ಪದರ ಪದರವಾಗಿ ಇಲ್ಲ. ಗುರಿ ಯಾವ ಕ್ರಮದಲ್ಲಿತ್ತೋ, ಭಾಷಣ ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ ಮಾತು ಹೋಗಿದೆ. ಗುರಿಯೇ ಮಾತಿಗೆ ಚೌಕಟ್ಟು ಕೊಟ್ಟಾಗ ಬೇರೆ ಸೂತ್ರ ಬೇಕಾಗುವುದಿಲ್ಲ.

ತಪ್ಪುವ ಬಗೆಗಳು ಹಲವು, ನಾನು ಪದೇ ಪದೇ ಕಾಣುವುದು ಎರಡು. ಒಂದು, ಸುಣ್ಣ ಬಳಿಯುವುದು. ನಮ್ಮಲ್ಲಿ ಇದು ತುಸು ಹೆಚ್ಚು. ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರು ಭಾಷಣ ಮಾಡಿದರೆ, "ಅವರಿಗೆ ನಾನೇನು ಹೇಳಲಿ, ಅವರಿಂದ ಕಲಿಯಬೇಕಾದವನು ನಾನು" ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಗೌರವ ತೋರಿಸಿದಂತೆ ಕಾಣುತ್ತದೆ, ಆದರೆ ಆ ಹಿರಿಯರು ತಿಂಗಳುಗಟ್ಟಲೆ ಕಾದು ಮಾಡಿದ ಭಾಷಣಕ್ಕೆ ಉತ್ತರವೇ ಸಿಗದಂತಾಗುತ್ತದೆ. ಸ್ವಂತ ಗುರಿ ಮೊದಲೇ ಕೇಳಿಟ್ಟುಕೊಳ್ಳುವುದರ ದೊಡ್ಡ ಲಾಭ ಇಲ್ಲಿದೆ. "ಸಾರ್, ಕಾಗದ ನೋಡದೆ ಮಾತಾಡಬೇಕು ಅಂತ ನೀವೇ ಹೇಳಿದ್ದಿರಿ. ಎರಡು ಸಲ ನೋಡಿದಿರಿ, ಎರಡೂ ಇಸವಿ ಹೇಳುವಾಗ" ಎಂದು ಇಪ್ಪತ್ತೈದರ ಹುಡುಗಿ ಅರವತ್ತೈದರ ನಿವೃತ್ತ ಅಧಿಕಾರಿಗೆ ನಿಸ್ಸಂಕೋಚವಾಗಿ ಹೇಳಬಹುದು. ಆಕೆ ಅವರನ್ನು ತಿದ್ದುತ್ತಿಲ್ಲ, ಅವರು ಒಪ್ಪಿಸಿದ ಕೆಲಸದ ವರದಿ ಕೊಡುತ್ತಿದ್ದಾಳೆ.

ಎರಡನೆಯದು, ಭಾಷಣದ ವಿಷಯದೊಡನೆ ಜಗಳಕ್ಕಿಳಿಯುವುದು. ಟೇಲರ್ ಅಂಗಡಿಗಳು ಮುಚ್ಚಲು ರೆಡಿಮೇಡ್ ಕಾರಣವೋ ಬೇರೆ ಏನೋ ಎಂದು ಮೌಲ್ಯಮಾಪಕರು ತಮ್ಮ ಅಭಿಪ್ರಾಯ ಹೇಳತೊಡಗಿದರೆ ಮೂರು ನಿಮಿಷ ಅದರಲ್ಲೇ ಹೋಯಿತು. ಇದರ ಗುರುತು ಸುಲಭ. ಮೌಲ್ಯಮಾಪನ ಮುಗಿದಾಗ ನಿಮಗೆ ಭಾಷಣಕಾರರ ಬಗ್ಗೆ ಹೆಚ್ಚು ತಿಳಿದಿದೆಯೋ, ಮೌಲ್ಯಮಾಪಕರ ಬಗ್ಗೆಯೋ ಎಂದು ನೋಡಿಕೊಳ್ಳಿ.

ಕನ್ನಡದಲ್ಲಿ ನಡೆಯುವ ಸಭೆಗಳಲ್ಲಿ ಇನ್ನೊಂದು ಎಚ್ಚರ ಬೇಕು, ಉಚ್ಚಾರದ ವಿಷಯದಲ್ಲಿ. ಅಕಾರ ಹಕಾರ ಅದಲುಬದಲಾಗುವುದನ್ನೋ, ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸವನ್ನೋ ಎಲ್ಲರ ಮುಂದೆ ಎತ್ತಿ ಹೇಳುವ ಚಟ ಕೆಲವರಿಗಿದೆ. ಭಾಷಣಕಾರರೇ ಅದನ್ನು ಗುರಿಯಾಗಿ ಕೊಟ್ಟಿದ್ದರೆ ಹೇಳಬೇಕು, ಯಾವ ಪದದಲ್ಲಿ ಎಂದೂ ಹೇಳಬೇಕು. ಕೊಡದಿದ್ದರೆ ಸಭೆಯಲ್ಲಿ ಅದು ಬೇಡವೇ ಬೇಡ. ಅದು ಆ ವ್ಯಕ್ತಿಯ ಮನೆಮಾತಿಗೆ, ಊರಿಗೆ, ಬಾಲ್ಯಕ್ಕೆ ತಗಲುವ ಮಾತು, ಬಹಳ ಆಳದಲ್ಲಿ ನೋಯಿಸುತ್ತದೆ. ಕಲಬುರಗಿಯವರು, ಧಾರವಾಡದವರು, ಕುಂದಾಪುರದವರು ತಮ್ಮ ಊರಿನ ಕನ್ನಡದಲ್ಲಿ ಮಾತಾಡಿದಾಗ ಅದನ್ನು ಮೈಸೂರಿನ ಕಿವಿಗೆ ಒಗ್ಗುವಂತೆ ತಿದ್ದುವುದು ಮೌಲ್ಯಮಾಪನವೇ ಅಲ್ಲ. ಒಂದು ಪದ ಬೇರೆ ಪ್ರದೇಶದವರಿಗೆ ಅರ್ಥವಾಗದೆ ಕಥೆ ತಪ್ಪಿದ್ದರೆ, "ಆ ಪದ ನನಗೆ ತಿಳಿಯಲಿಲ್ಲ, ಅಲ್ಲಿ ನಾನು ಹಿಂದುಳಿದೆ" ಎನ್ನಬಹುದು. ಬಟ್ಟೆ, ಮುಖ, ಮೈಕಟ್ಟಿನ ಮಾತುಗಳೂ ಹೀಗೆಯೇ. ಹೇಳಲೇಬೇಕಾದದ್ದಿದ್ದರೆ ಸಭೆ ಮುಗಿದ ಮೇಲೆ, ಪಕ್ಕಕ್ಕೆ ಕರೆದು.

ಗುರಿ ಹಿಡಿದು ನೋಡುವ ಈ ಪದ್ಧತಿಗೆ ಮಿತಿಯೂ ಇದೆ. ಆರಿಸಿಕೊಂಡ ಗುರಿ ಈಡೇರಿಯೂ ಭಾಷಣ ಸೋಲಬಹುದು. ಮೂರು ಕಡೆಯೂ ಲೆಕ್ಕ ಹಾಕಿ ನಿಂತರು, ಕೈ ಬಿಟ್ಟು ಮಾತಾಡಿದರು, ಆದರೆ ದನಿ ಎರಡನೆಯ ಸಾಲನ್ನೂ ಮುಟ್ಟಲಿಲ್ಲ ಎನ್ನಿ. ಆಗ ಗುರಿ ಪಟ್ಟಿಯಲ್ಲಿಲ್ಲ ಎಂದು ಸುಮ್ಮನಿರುವುದು ತಪ್ಪು. ನಾನು ಒಪ್ಪುವ ದಾರಿ ಇದು: ಮೊದಲು ಗುರಿಗಳ ಲೆಕ್ಕ ಪೂರ್ತಿ ಕೊಡಬೇಕು, ಆಮೇಲೆ "ನೀವು ಕೇಳದ ಒಂದು ಮಾತು ಹೇಳುತ್ತೇನೆ" ಎಂದು ಅನುಮತಿ ಪಡೆದಂತೆ ಒಂದೇ ಒಂದನ್ನು ಹೇಳಬೇಕು. ಎರಡು ಹೇಳಿದರೆ ಪಟ್ಟಿ ಶುರುವಾಗುತ್ತದೆ. ಇನ್ನೊಂದು ಕಡೆ, ಮೊದಲ ಭಾಷಣ ಮಾಡುವವರಿಗೆ ಸ್ವಂತ ಗುರಿ ಕೇಳಿ ಕಾಡಬಾರದು. ನಾಲ್ಕರಿಂದ ಆರು ನಿಮಿಷದ ಆ ಐಸ್ ಬ್ರೇಕರಿನಲ್ಲಿ ಎದ್ದು ನಿಂತು, ತನ್ನ ಬಗ್ಗೆ ಹೇಳಿ, ಮುಗಿಸಿ ಕೂರುವುದೇ ಗುರಿ. ಅವರಲ್ಲಿ ಆಗಲೇ ಇರುವ ಒಂದು ಬಲವನ್ನು ವಿವರವಾಗಿ ತೋರಿಸಿ, ಮುಂದಿನ ಭಾಷಣಕ್ಕೆ ಒಂದೇ ಒಂದು ಗುರಿಯನ್ನು ಕೈಗಿಟ್ಟರೆ ಧಾರಾಳವಾಯಿತು.

ಫಾರ್ಮಿನಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡುವ ಅಂಕಣಗಳಿವೆ: ಸ್ಪಷ್ಟತೆ, ದನಿಯ ವೈವಿಧ್ಯ, ಕಣ್ಣೋಟ ಇತ್ಯಾದಿ. ಎಲ್ಲದಕ್ಕೂ ನಾಲ್ಕು ಕೊಟ್ಟು ಕೈ ತೊಳೆದುಕೊಳ್ಳುವವರು ಬಹಳ. ಭಾಷಣಕಾರರಿಗೆ ಅಂಕಕ್ಕಿಂತ ಅದರ ಪಕ್ಕದ ಖಾಲಿ ಜಾಗದಲ್ಲಿ ಬರೆದ ಒಂದು ವಾಕ್ಯ ಹೆಚ್ಚು ಬೇಕು. ಮೌಲ್ಯಮಾಪನಕ್ಕೇ ಟೋಸ್ಟ್‌ಮಾಸ್ಟರ್ಸ್ ಒಂದು ಸ್ಪರ್ಧೆ ನಡೆಸುತ್ತದೆ. ಎಲ್ಲ ಸ್ಪರ್ಧಿಗಳೂ ಒಂದೇ ಭಾಷಣ ಕೇಳಿ, ಹೊರಗೆ ಹೋಗಿ, ಐದು ನಿಮಿಷದಲ್ಲಿ ಟಿಪ್ಪಣಿ ಸಿದ್ಧಮಾಡಿಕೊಂಡು ಒಬ್ಬೊಬ್ಬರಾಗಿ ಬಂದು ಮಾತಾಡುತ್ತಾರೆ. ಅಲ್ಲಿನ ತೀರ್ಪುಗಾರರ ಕಾಗದದಲ್ಲಿ ನೂರಕ್ಕೆ 40 ಅಂಕ ವಿಶ್ಲೇಷಣೆಗೆ, 30 ಸಲಹೆಗಳಿಗೆ. ಸಹಾನುಭೂತಿಯಿಂದ ಹೇಳುವ ರೀತಿಗೆ 15, ಚುಟುಕಾಗಿ ಹುರಿದುಂಬಿಸಿ ಮುಗಿಸುವುದಕ್ಕೆ 15. ಸ್ಪರ್ಧೆಯಲ್ಲಿ ಭಾಷಣಕಾರರೊಡನೆ ಮೊದಲೇ ಮಾತಾಡಲು ಅವಕಾಶವಿಲ್ಲ, ಆದ್ದರಿಂದ ಅಲ್ಲಿ ಗೆದ್ದವರು ಕ್ಲಬ್ಬಿನಲ್ಲೂ ಒಳ್ಳೆಯ ಮೌಲ್ಯಮಾಪಕರಾಗಿಯೇ ಇರುತ್ತಾರೆ ಎಂದು ನಾನು ಹೇಳಲಾರೆ. ಫೋನ್ ಮಾಡಿ ಕೇಳುವ ತಾಳ್ಮೆಗೆ ಆ ಕಾಗದದಲ್ಲಿ ಅಂಕವಿಲ್ಲ.

ಹೇಳಿಸಿಕೊಳ್ಳುವವರ ಕೆಲಸ ಚಿಕ್ಕದು, ಆದರೂ ಇದೆ. ಕೂತಲ್ಲಿಂದ ಉತ್ತರ ಕೊಡಬಾರದು, "ಅದು ಯಾಕಾಯ್ತು ಅಂದರೆ" ಎಂದು ಎದ್ದು ನಿಲ್ಲಬಾರದು. ಹೇಳಿದ್ದನ್ನು ಬರೆದುಕೊಂಡು, ಅದರಲ್ಲಿ ಒಂದನ್ನು ಆರಿಸಿ ಮುಂದಿನ ಭಾಷಣದ ಗುರಿಯಾಗಿ ಮೇಲೆ ಬರೆದಿಡಬೇಕು. ಪಾಥ್‌ವೇಸ್‌ನ ಮೊದಲ ಹಂತದಲ್ಲಿ ಇದಕ್ಕೆಂದೇ ಒಂದು ಪ್ರಾಜೆಕ್ಟಿದೆ. ಒಂದು ಭಾಷಣ ಮಾಡಿ, ಬಂದ ಅಭಿಪ್ರಾಯವನ್ನು ಅಳವಡಿಸಿಕೊಂಡು ಇನ್ನೊಂದು ಮಾಡಬೇಕು, ಆಮೇಲೆ ಬೇರೊಬ್ಬರ ಭಾಷಣಕ್ಕೆ ತಾವೇ ಮೌಲ್ಯಮಾಪಕರಾಗಬೇಕು. ಬ್ಯಾಂಕ್ ಉದ್ಯೋಗಿಯ ವಿಷಯದಲ್ಲಿ ಮುಂದಿನ ಗುರಿ ಬರೆಯಲು ಕಷ್ಟವಿಲ್ಲ: ನಗು ಇಳಿಯುವ ತನಕ ಕಾಯುವುದು. ಆ ಗುರಿಯನ್ನು ಮುಂದಿನ ಮೌಲ್ಯಮಾಪಕರಿಗೆ ಆಕೆಯೇ ಫೋನ್ ಮಾಡಿ ತಿಳಿಸುತ್ತಾರೆ, ಅವರು ಕೇಳುವವರೆಗೆ ಕಾಯುವುದಿಲ್ಲ.

ಟೋಸ್ಟ್‌ಮಾಸ್ಟರ್ಸ್ ಸಭೆಗಳಿಗೆ ಅತಿಥಿಯಾಗಿ ಹೋಗಿ ಕೂರಬಹುದು. ಹೋದವರಲ್ಲಿ ಹಲವರು ಭಾಷಣಗಳು ಮುಗಿದ ಕೂಡಲೇ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಾರೆ. ಮೌಲ್ಯಮಾಪನ ಬರುವುದು ಆಮೇಲೆ, ಸಭೆಯ ಕೊನೆಯ ಭಾಗದಲ್ಲಿ. ನೀವು ಹೋದರೆ ದಯವಿಟ್ಟು ಅಲ್ಲಿಯ ತನಕ ಕೂತಿರಿ.